ಉದ್ದದ ರೆಸಿಪಿಯನ್ನು ಒಂದು ಕಾರ್ಡಿಗೆ ಇಳಿಸುವುದು

ಉದ್ದದ ರೆಸಿಪಿಯನ್ನು ಎದುರಿಗಿಟ್ಟುಕೊಂಡು ಅಡುಗೆ ಮಾಡುವುದು ನನಗೆ ಆಗಿಬರುವುದಿಲ್ಲ. ಮೊದಲು ಒಂದು ಕಡೆ ಕೂತು ಅದನ್ನು ಅಂಗೈಯಗಲದ ಕಾರ್ಡಿಗೆ ಇಳಿಸಿಕೊಳ್ಳುತ್ತೇನೆ, ಆಮೇಲೆ ಒಲೆಯ ಹತ್ತಿರ ಹೋಗುತ್ತೇನೆ. ಕೈಗೆಲ್ಲ ಹಿಟ್ಟು ಮೆತ್ತಿಕೊಂಡಿರುವಾಗ ನಾಲ್ಕು ಪುಟದ ಬರಹದಲ್ಲಿ "ಈಗ ಎಷ್ಟು ನಿಮಿಷ ಬಿಡಬೇಕಿತ್ತು" ಎಂದು ಹುಡುಕುವುದು ಯಾರಿಗೂ ಸುಲಭವಲ್ಲ.

ಚಿಕ್ಕದು ಮಾಡುವುದು ಕಷ್ಟದ ಕೆಲಸ ಅಂತ ಯಾರಿಗೂ ಅನಿಸುವುದಿಲ್ಲ. ಕಥೆ ತೆಗೆದುಹಾಕು, ವಿವರಣೆ ತೆಗೆದುಹಾಕು, ಏನು ಮಾಡಬೇಕೋ ಅಷ್ಟನ್ನು ಬರೆ, ಮುಗಿಯಿತು. ಆದರೆ ಹಾಗೆ ಮಾಡಿದ ಕಾರ್ಡುಗಳನ್ನು ಮೂಲದ ಜೊತೆ ಇಟ್ಟು ಸಾಲು ಸಾಲಾಗಿ ಹೋಲಿಸಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಸಾಮಾನಿನ ಪಟ್ಟಿಯಲ್ಲಿರುವ ಸಂಖ್ಯೆಗಳು ಸಾಮಾನ್ಯವಾಗಿ ತಪ್ಪುವುದಿಲ್ಲ, ಅವನ್ನು ನೋಡಿ ನಕಲು ಮಾಡಿರುತ್ತಾರೆ. ತಪ್ಪುವುದು ವಾಕ್ಯಗಳ ಒಳಗೆ ಕೂತಿರುವ ಸಂಖ್ಯೆಗಳು. ಈ ನಿಮಿಷಗಳನ್ನು ಯಾವಾಗಿನಿಂದ ಲೆಕ್ಕ ಹಿಡಿಯಬೇಕು, ಈ ಬೆಣ್ಣೆಯಲ್ಲಿ ಎಷ್ಟು ಇಲ್ಲಿಗೆ, ಎಷ್ಟು ಅಲ್ಲಿಗೆ, ಗಡಿಯಾರ ಹೇಳಿದ್ದಕ್ಕೂ ಹಿಟ್ಟು ಹೇಳಿದ್ದಕ್ಕೂ ಹೊಂದದಿದ್ದರೆ ಯಾವುದನ್ನು ನಂಬಬೇಕು, ಇವೆಲ್ಲ ವಾಕ್ಯದಲ್ಲಿರುತ್ತವೆ. ವಾಕ್ಯವನ್ನು ಕತ್ತರಿಸಿದಾಗ ಅದರ ಜೊತೆಗೆ ಇವೂ ಹೋಗುತ್ತವೆ.

ಉದಾಹರಣೆಗೆ ಒಂದು ಸಾದಾ ಬ್ರೆಡ್ಡನ್ನೇ ತೆಗೆದುಕೊಳ್ಳೋಣ. ಸಾಮಾನು ಕಡಿಮೆ, ಕಾಯುವ ಸಮಯ ಜಾಸ್ತಿ, ಅಂಥದ್ದರಲ್ಲೇ ಈ ಸಮಸ್ಯೆ ಚೆನ್ನಾಗಿ ಕಾಣುವುದು. ಮೂಲ ರೆಸಿಪಿಯ ಪಟ್ಟಿ ಹೀಗಿದೆ ಎಂದುಕೊಳ್ಳಿ: ಮೈದಾ 500 ಗ್ರಾಂ, ನೀರು 320 ಗ್ರಾಂ, ಇನ್‌ಸ್ಟಂಟ್ ಈಸ್ಟ್ 6 ಗ್ರಾಂ, ಉಪ್ಪು 10 ಗ್ರಾಂ, ಸಕ್ಕರೆ 15 ಗ್ರಾಂ, ಬೆಣ್ಣೆ 30 ಗ್ರಾಂ. ತಲೆಬರಹದ ಕೆಳಗೆ "ಒಟ್ಟು ಸಮಯ 3 ಗಂಟೆ" ಎಂದಿದೆ. ಆಮೇಲೆ ಮಾಡುವ ವಿಧಾನ ನಾಲ್ಕು ಪುಟ. ಅದರಲ್ಲಿ ನಮಗೆ ಬೇಕಾದ ಭಾಗ ಸುಮಾರಾಗಿ ಹೀಗೆ ಓದಿಕೊಳ್ಳುತ್ತದೆ:

"ಮೈದಾಕ್ಕೆ ನೀರು ಹಾಕಿ, ಒಣಹಿಟ್ಟು ಎಲ್ಲೂ ಉಳಿಯದಂತೆ ಕಲಸಿ ಮುಚ್ಚಿಡಿ. ನೀರಿನಲ್ಲಿ ನಾಲ್ಕು ಚಿಕ್ಕ ಚಮಚದಷ್ಟು, ಅಂದರೆ ಸುಮಾರು 20 ಗ್ರಾಂನಷ್ಟನ್ನು ಮಾತ್ರ ತೆಗೆದಿಟ್ಟುಕೊಂಡಿರಬೇಕು, ಅದು ಆಮೇಲೆ ಈಸ್ಟಿಗೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಹಿಟ್ಟು ತಾನಾಗಿಯೇ ನಯವಾಗಿರುತ್ತದೆ. ತೆಗೆದಿಟ್ಟ ನೀರನ್ನು 35 ಡಿಗ್ರಿಗೆ ಬೆಚ್ಚಗೆ ಮಾಡಿ ಈಸ್ಟ್ ಕರಗಿಸಿ ಹಿಟ್ಟಿಗೆ ಸೇರಿಸಿ, ಅದು ಬೆರೆತ ಮೇಲೆ ಉಪ್ಪು, ಸಕ್ಕರೆ ಉದುರಿಸಿ 5 ನಿಮಿಷ ನಾದಿ. ಬೆಳಿಗ್ಗೆಯೇ ಫ್ರಿಜ್‌ನಿಂದ ಹೊರಗಿಟ್ಟ ಬೆಣ್ಣೆಯನ್ನು ಎರಡು ಸಲಕ್ಕೆ ಸೇರಿಸುತ್ತಾ ಇನ್ನೂ 8 ನಿಮಿಷ ನಾದಿ. ಟಿನ್ನಿಗೆ ಸವರಲು 5 ಗ್ರಾಂ ಉಳಿಸಿಕೊಳ್ಳುವುದನ್ನು ಮರೆಯಬೇಡಿ."

ಇಷ್ಟರಲ್ಲೇ ಎಷ್ಟು ಸಂಖ್ಯೆಗಳಿವೆ ನೋಡಿ. ಅಂಕಿಯಲ್ಲಿ ಬರೆದವು ಕಣ್ಣಿಗೆ ಹೊಡೆಯುತ್ತವೆ. "ಅರ್ಧ ಗಂಟೆ," "ಎರಡು ಸಲ," "ಬೆಳಿಗ್ಗೆಯೇ" ಇವೂ ಸಂಖ್ಯೆಗಳೇ, ಆದರೆ ಅಕ್ಷರದಲ್ಲಿರುವುದರಿಂದ ಜಾರಿಹೋಗುತ್ತವೆ. ಅದಕ್ಕೇ ನನ್ನ ಮೊದಲ ಕೆಲಸ ಬರೆಯುವುದಲ್ಲ, ಗೆರೆ ಎಳೆಯುವುದು. ಅಳತೆ, ಸಮಯ, ಶಾಖ, ಗಾತ್ರ, ಎಷ್ಟು ಸಲ, ಅರ್ಧ, ಕಾಲು, ಉಳಿದದ್ದು, ಮೊದಲೇ, ಹೀಗೆ ಲೆಕ್ಕದ ವಾಸನೆಯಿರುವ ಪ್ರತಿ ಮಾತಿನ ಕೆಳಗೂ ಪೆನ್ನಿನಲ್ಲಿ ಗೆರೆ. ಕೊನೆಗೆ ಕಾರ್ಡು ಸಿದ್ಧವಾದಾಗ ಒಂದೊಂದು ಗೆರೆಗೂ ಕಾರ್ಡಿನಲ್ಲಿ ಜಾಗ ಸಿಕ್ಕಿರಬೇಕು, ಇಲ್ಲವೇ ಅದನ್ನು ಬಿಟ್ಟದ್ದು ಯಾಕೆಂದು ನನಗೆ ಗೊತ್ತಿರಬೇಕು.

ಈಗ ನೀರಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅತಿ ಹೆಚ್ಚು ಕೆಡುವುದು ಇಲ್ಲೇ. ಅವಸರದಲ್ಲಿ ಚಿಕ್ಕದು ಮಾಡುವವರು ಪಟ್ಟಿಯನ್ನು ನೋಡಿ "ಮೈದಾ 500, ನೀರು 320 ಕಲಸಿ, 30 ನಿಮಿಷ ಬಿಡಿ. ಈಸ್ಟನ್ನು ಸ್ವಲ್ಪ ಬೆಚ್ಚನೆ ನೀರಲ್ಲಿ ಕರಗಿಸಿ ಸೇರಿಸಿ" ಎಂದು ಬರೆಯುತ್ತಾರೆ. ಓದಲಿಕ್ಕೆ ಎಷ್ಟು ಚೊಕ್ಕವಾಗಿದೆ! ಆದರೆ ಆ "ಸ್ವಲ್ಪ" ನೀರು ಈಗ ಹೊಸದಾಗಿ ಸೇರಿಕೊಂಡಿತು. 320 ಆಗಲೇ ಹೋಗಿದೆ, ಇನ್ನೊಂದು 20 ಬಂತು, ಒಟ್ಟು 340. ಹಿಟ್ಟಿನ ತೂಕಕ್ಕೆ ನೂರಕ್ಕೆ 64 ಇದ್ದ ನೀರು 68 ಆಯಿತು. ಕಾಗದದ ಮೇಲೆ ಸಣ್ಣ ವ್ಯತ್ಯಾಸ, ಕೈಯಲ್ಲಿ ದೊಡ್ಡದು. ಹಿಟ್ಟು ಬೆರಳಿಗೆ ಅಂಟುತ್ತದೆ, ಮಣೆಗೆ ಅಂಟುತ್ತದೆ, ನಾದುವವರು ಸಹಜವಾಗಿಯೇ ಮೇಲೊಂದು ಮುಷ್ಟಿ ಮೈದಾ ಉದುರಿಸುತ್ತಾರೆ. ಆಗ ಉಪ್ಪು, ಈಸ್ಟುಗಳ ಪ್ರಮಾಣವೂ ತಪ್ಪಿತು. ಪಟ್ಟಿಯಲ್ಲಿ ಒಂದು ಅಂಕಿಯೂ ತಪ್ಪಿಲ್ಲ, ಆದರೂ ಬ್ರೆಡ್ ಬೇರೆಯದೇ ಆಯಿತು.

ಇದಕ್ಕೆ ನಾನು ಪಾಲಿಸುವ ಕ್ರಮ ಸರಳ. ಹಂತಗಳಲ್ಲಿ "ಉಳಿದ," "ಸ್ವಲ್ಪ," "ತೆಗೆದಿಟ್ಟ" ಎಂಬ ಮಾತುಗಳಿಗೆ ಜಾಗ ಕೊಡುವುದಿಲ್ಲ. ಅವುಗಳ ಬದಲು ಅಂಕಿಯೇ ಬರಬೇಕು: ಮೊದಲ ಹಂತದಲ್ಲಿ ನೀರು 300, ಎರಡನೆಯದರಲ್ಲಿ ನೀರು 20. ಪಟ್ಟಿಯಲ್ಲೂ "ನೀರು 300 + 20" ಎಂದೇ ಬರೆಯುತ್ತೇನೆ, "ಬೆಣ್ಣೆ 25 + 5" ಎಂದು. ಪಟ್ಟಿ ನೋಡಿ ತೂಗುವಾಗಲೇ ಎರಡು ಬಟ್ಟಲು ಬೇಕೆಂದು ಗೊತ್ತಾಗುತ್ತದೆ. ಬರೆದು ಮುಗಿಸಿದ ಮೇಲೆ ಹಂತಗಳಲ್ಲಿ ಬಂದ ಒಂದೊಂದು ಸಾಮಾನನ್ನೂ ಕೂಡಿ ನೋಡುತ್ತೇನೆ. ಮೈದಾ 500, ನೀರು 320, ಬೆಣ್ಣೆ 30, ಪಟ್ಟಿಗೆ ತಾಳೆಯಾಯಿತೇ? ಆಯಿತು ಎಂದರೆ ಮುಂದೆ. ಟಿನ್ನಿಗೆ ಸವರುವ 5 ಗ್ರಾಂ ಬಿಟ್ಟು ಎಲ್ಲ ಕೂಡಿದರೆ ಹಿಟ್ಟಿನ ಉಂಡೆ 876 ಗ್ರಾಂ ಬರಬೇಕು. ಪಾತ್ರೆಗೆ, ಕೈಗೆ ಅಂಟಿದ್ದು ಸ್ವಲ್ಪ ಹೋಗುತ್ತದೆ, ಆದರೆ ತಕ್ಕಡಿ 900 ತೋರಿಸಿದರೆ ಎಲ್ಲೋ ಏನೋ ಎರಡು ಸಲ ಬಿದ್ದಿದೆ ಎಂದೇ ಅರ್ಥ.

ಹಾಗೆಯೇ, ಚಿಕ್ಕದು ಮಾಡುವ ಹೊತ್ತಿನಲ್ಲಿ ಅಳತೆಯ ಮಾನ ಬದಲಾಯಿಸಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. "10 ಗ್ರಾಂ ಉಪ್ಪು" ಎನ್ನುವುದಕ್ಕಿಂತ "2 ಚಮಚ ಉಪ್ಪು" ಚಿಕ್ಕದಾಗಿ, ಸ್ನೇಹಮಯವಾಗಿ ಕಾಣುತ್ತದೆ. ಆದರೆ 5 ಮಿಲಿಲೀಟರಿನ ಚಮಚದಲ್ಲಿ ಪುಡಿ ಉಪ್ಪು ಮಟ್ಟಸವಾಗಿ ತುಂಬಿದರೆ ಸುಮಾರು 6 ಗ್ರಾಂ ಬರುತ್ತದೆ, ಎರಡು ಚಮಚಕ್ಕೆ 12. ಹರಳು ಉಪ್ಪಾದರೆ ಇನ್ನೊಂದು ಲೆಕ್ಕ. ಕಪ್ಪಿನ ಕಥೆ ಇದಕ್ಕಿಂತ ಕಷ್ಟ, ಕಪ್ಪು ಕೆಲವೆಡೆ 240 ಮಿಲಿಲೀಟರು, ಕೆಲವೆಡೆ 250. ಮೂಲದಲ್ಲಿ ಗ್ರಾಂ ಇದ್ದರೆ ಗ್ರಾಂ, ಕಪ್ಪು ಇದ್ದರೆ ಕಪ್ಪು. ಬದಲಾಯಿಸಲೇಬೇಕು ಅಂತಿದ್ದರೆ ಅದನ್ನು ಬೇರೆ ದಿನ, ತಕ್ಕಡಿ ಮುಂದಿಟ್ಟುಕೊಂಡು ಮಾಡಬೇಕು.

ಸಮಯದ ವಿಷಯ ಅಳತೆಗಿಂತ ಸೂಕ್ಷ್ಮ. ಮೂಲದ ಮುಂದಿನ ಭಾಗ ಹೀಗೆ: ನಾದಿದ ಹಿಟ್ಟನ್ನು 26 ಡಿಗ್ರಿಯಷ್ಟಿರುವ ಜಾಗದಲ್ಲಿ 60ರಿಂದ 75 ನಿಮಿಷ, ಎರಡರಷ್ಟು ಉಬ್ಬುವವರೆಗೆ ಬಿಡಬೇಕು. ಗಾಳಿ ಇಳಿಸಿ, ಸುರುಳಿ ಸುತ್ತಿ, 23 ಸೆಂಟಿಮೀಟರ್ ಉದ್ದ, 13 ಅಗಲದ ಟಿನ್ನಿನಲ್ಲಿಟ್ಟು ಮತ್ತೆ 40ರಿಂದ 50 ನಿಮಿಷ, ಹಿಟ್ಟು ಅಂಚಿಗಿಂತ 2 ಸೆಂಟಿಮೀಟರ್ ಮೇಲೆ ಬರುವವರೆಗೆ. ಆಮೇಲೆ 220 ಡಿಗ್ರಿಯಲ್ಲಿ 10 ನಿಮಿಷ, 190ಕ್ಕೆ ಇಳಿಸಿ 22ರಿಂದ 25 ನಿಮಿಷ. ಶಾಖ ಇಳಿಸಿದ 5 ನಿಮಿಷಕ್ಕೆ ಟಿನ್ನನ್ನು ಹಿಂದುಮುಂದು ತಿರುಗಿಸಬೇಕು. ಬೆಂದ ಬ್ರೆಡ್ಡಿನ ಒಳಗೆ 93 ಡಿಗ್ರಿ ಇರಬೇಕು. 5 ನಿಮಿಷ ಟಿನ್ನಿನಲ್ಲೇ ಬಿಟ್ಟು ಹೊರತೆಗೆದು, ಜಾಲರಿಯ ಮೇಲೆ 1 ಗಂಟೆ ಆರಬೇಕು. ಕಡೆಯಲ್ಲೊಂದು ಮಾತು: "ಬೇಯಿಸುವ 20 ನಿಮಿಷ ಮೊದಲೇ ಓವನ್ ಹಚ್ಚಿರಬೇಕೆಂದು ಹೇಳಬೇಕಾಗಿಲ್ಲ ತಾನೆ."

ಹೇಳಬೇಕಾಗಿದೆ, ಅದೂ ಸರಿಯಾದ ಜಾಗದಲ್ಲಿ ಹೇಳಬೇಕಾಗಿದೆ. "20 ನಿಮಿಷ ಮೊದಲು" ಎನ್ನುವುದು ಹಿಂದಕ್ಕೆ ಎಣಿಸುವ ಸಮಯ. ಅಡುಗೆ ಮಾಡುವವರು ಮುಂದಕ್ಕೆ ಹೋಗುತ್ತಿರುತ್ತಾರೆ, ಈ ಸಾಲು ಅವರ ಕಣ್ಣಿಗೆ ಬೀಳುವಾಗ ಆ 20 ನಿಮಿಷ ಕಳೆದುಹೋಗಿರುತ್ತದೆ. ಕಾರ್ಡಿನಲ್ಲಿ ಇದನ್ನು ಎರಡನೆಯ ಉಬ್ಬಿನ ಹಂತದೊಳಕ್ಕೆ ಸರಿಸಿ, ಮುಂದಕ್ಕೆ ಎಣಿಸುವಂತೆ ತಿರುಗಿಸಬೇಕು. ಉಬ್ಬಲು 40ರಿಂದ 50 ನಿಮಿಷ ಬೇಕು. ಹಾಗಾದರೆ ಓವನ್ ಹಚ್ಚುವುದು 20ನೇ ನಿಮಿಷಕ್ಕೋ, 30ನೇ ನಿಮಿಷಕ್ಕೋ? ನಾನು ಕಡಿಮೆಯ ಸಂಖ್ಯೆಯಿಂದ ಎಣಿಸುತ್ತೇನೆ, 40ರಲ್ಲಿ 20 ಕಳೆದು 20. ಕಾದ ಓವನ್ ಹಿಟ್ಟಿಗಾಗಿ ಹತ್ತು ನಿಮಿಷ ಕಾಯ್ದರೆ ಸ್ವಲ್ಪ ಕರೆಂಟು ಹೋಗುತ್ತದೆ, ಅಷ್ಟೆ. ಉಬ್ಬಿದ ಹಿಟ್ಟು ಓವನ್ನಿಗಾಗಿ ಕಾಯ್ದರೆ ಅದು ಹದ ಮೀರುತ್ತದೆ. ಒಳಗಿನ ಗಾಳಿಯನ್ನು ಹಿಡಿದಿಡುವ ಶಕ್ತಿ ಹೋಗಿ, ಬೇಯುವಾಗ ಮೇಲೇಳುವ ಬದಲು ನೆತ್ತಿ ಕುಸಿಯುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗೊತ್ತಾಗುತ್ತದೆ: ಗುಳಿ ನಿಧಾನವಾಗಿ ಅರ್ಧಮರ್ಧ ಮೇಲೆ ಬಂದರೆ ಸರಿಯಾದ ಹದ, ಬಿದ್ದ ಗುಳಿ ಹಾಗೇ ಉಳಿದರೆ ಹೊತ್ತು ಮೀರಿದೆ.

ಬೇಯಿಸುವ ಹಂತದಲ್ಲಿ ಇನ್ನೊಂದು ಆಕರ್ಷಣೆ ಇದೆ. 10 ನಿಮಿಷ, ಆಮೇಲೆ 22ರಿಂದ 25, ಕೂಡಿದರೆ 32ರಿಂದ 35. "35 ನಿಮಿಷ ಬೇಯಿಸಿ" ಎಂದು ಬರೆದರೆ ಎಷ್ಟು ಚಿಕ್ಕದಾಯಿತು ಅನಿಸುತ್ತದೆ. ಆದರೆ ಮಧ್ಯದಲ್ಲಿ ಶಾಖ ಬದಲಾಗುತ್ತದೆ. 220ರಲ್ಲೇ 35 ನಿಮಿಷ ಬಿಟ್ಟರೆ ಮೇಲ್ಪದರ ಕಪ್ಪಾಗುತ್ತದೆ, 190ರಲ್ಲೇ ಶುರುಮಾಡಿದರೆ ಮೊದಲ ಹತ್ತು ನಿಮಿಷದ ಜೋರು ಉಬ್ಬು ಸಿಗುವುದಿಲ್ಲ. ಶಾಖ ಬೇರೆಯಾದರೆ ಸಮಯಗಳನ್ನು ಕೂಡಿಸಿ ಒಂದೇ ಸಂಖ್ಯೆ ಮಾಡುವಂತಿಲ್ಲ.

ಕೂಡಿಸುವುದು ಉಪಯೋಗಕ್ಕೆ ಬರುವುದು ಬೇರೆ ರೀತಿಯಲ್ಲಿ. ಮೂಲದಲ್ಲಿ ಒಂದು ಸಮಯ ಟಿನ್ ಒಳಗಿಟ್ಟ ಹೊತ್ತಿನಿಂದ, ಇನ್ನೊಂದು ಶಾಖ ಇಳಿಸಿದ ಹೊತ್ತಿನಿಂದ ಎಣಿಸಿದೆ, ಟಿನ್ ತಿರುಗಿಸುವುದು ಅದರ ನಡುವೆ ಎಲ್ಲೋ. ಎಲ್ಲವನ್ನೂ ಒಂದೇ ಗೆರೆಯಿಂದ ಎಣಿಸಿಬಿಟ್ಟರೆ ಟೈಮರನ್ನು ಒಂದೇ ಸಲ ಶುರುಮಾಡಿದರೆ ಸಾಕು. ಟಿನ್ ಒಳಗೆ ಹೋದದ್ದು 0. ಆಗ 10ಕ್ಕೆ ಶಾಖ 190, 15ಕ್ಕೆ ತಿರುಗಿಸುವುದು, 32ಕ್ಕೆ ಮೊದಲ ಪರೀಕ್ಷೆ, 35ರೊಳಗೆ ಹೊರಗೆ. ಇಲ್ಲಿ ಯಾವ ಸಂಖ್ಯೆಯೂ ಬದಲಾಗಿಲ್ಲ, ಎಣಿಸುವ ಜಾಗ ಮಾತ್ರ ಒಂದಾಗಿದೆ.

ಇನ್ನು "60ರಿಂದ 75 ನಿಮಿಷ, ಎರಡರಷ್ಟು ಉಬ್ಬುವವರೆಗೆ" ಎನ್ನುವಂಥ ಜೋಡಿ. ಚಿಕ್ಕದು ಮಾಡುವವರು ಇದರಲ್ಲಿ ಒಂದನ್ನು ಎತ್ತಿ ಬಿಸಾಡುತ್ತಾರೆ, ಸಾಮಾನ್ಯವಾಗಿ ಎರಡನೆಯದನ್ನು. ಆಮೇಲೆ 60ರಿಂದ 75 ಎನ್ನುವುದೂ ಉದ್ದ ಅನಿಸಿ "ಸುಮಾರು 70" ಆಗುತ್ತದೆ. ಮೂಲದವರು ಬೇಕೆಂದೇ ಕೊಟ್ಟ ಅಗಲ ಅದು. ತಣ್ಣಗಿನ ಕೋಣೆಯಲ್ಲಿ 75 ದಾಟಿಯೂ ಹಿಟ್ಟು ಉಬ್ಬಿರುವುದಿಲ್ಲ, ಬಿಸಿ ಕೋಣೆಯಲ್ಲಿ 50ಕ್ಕೇ ಉಬ್ಬಿ ನಿಂತಿರುತ್ತದೆ. ಆ 26 ಡಿಗ್ರಿ ಎನ್ನುವುದನ್ನು ಬಿಟ್ಟರೆ 60ರಿಂದ 75ಕ್ಕೆ ಆಧಾರವೇ ಇರುವುದಿಲ್ಲ.

ಈ ಜೋಡಿಗಳಲ್ಲಿ ಯಾವುದು ಯಜಮಾನ ಎನ್ನುವುದು ಕಾರ್ಡಿನಲ್ಲಿ ಕಾಣಬೇಕು, ಅದಕ್ಕೆ ಬೇರೆ ವಾಕ್ಯ ಬೇಡ. ಗುರುತು ಮುಖ್ಯವಾದರೆ ಗುರುತನ್ನು ಮೊದಲು ಬರೆದು ನಿಮಿಷಗಳನ್ನು ಕಂಸದೊಳಗೆ ಹಾಕುತ್ತೇನೆ: "ಎರಡರಷ್ಟಾಗಲಿ (26 ಡಿಗ್ರಿಯಲ್ಲಿ 60–75 ನಿಮಿಷ)." ಗಡಿಯಾರ ಮುಖ್ಯವಾದರೆ ನಿಮಿಷ ಮೊದಲು: "30 ನಿಮಿಷ ಮುಚ್ಚಿಡಿ." ಕಲಸಿ ಮುಚ್ಚಿಡುವ ಹಂತದಲ್ಲಿ ಕಣ್ಣಿಗೆ ಕಾಣುವ ಸ್ಪಷ್ಟ ಗುರುತು ಇಲ್ಲ, ಗಡಿಯಾರವನ್ನೇ ನಂಬಬೇಕು. ಉಬ್ಬುವಲ್ಲಿ ಹಿಟ್ಟನ್ನು ನಂಬಬೇಕು.

ಹಾಗಾದರೆ ಬಿಡಬಹುದಾದದ್ದು ಯಾವುದು? ಕಾರಣಗಳನ್ನು ಬಿಡಬಹುದು, ಆದರೆ ಕಾರಣದೊಳಗೆ ಕ್ರಮವೊಂದು ಅಡಗಿದೆಯೇ ಎಂದು ನೋಡಿಯೇ ಬಿಡಬೇಕು. ಮೂಲದಲ್ಲಿ ಉಪ್ಪು ಈಸ್ಟಿನ ಕೆಲಸವನ್ನು ನಿಧಾನ ಮಾಡುತ್ತದೆ ಎಂದು ಅರ್ಧ ಪುಟ ಬರೆದಿರುತ್ತಾರೆ. ಆ ಅರ್ಧ ಪುಟ ಹೋಗಲಿ, "ಈಸ್ಟ್ ಬೆರೆತ ಮೇಲೆ ಉಪ್ಪು" ಎನ್ನುವ ಕ್ರಮ ಉಳಿಯಲಿ. ಬೆಣ್ಣೆಯ ಜಿಡ್ಡು ಹಿಟ್ಟಿಗೆ ಮೆತ್ತಿಕೊಂಡರೆ ಎಳೆ ಬರುವುದು ತಡವಾಗುತ್ತದೆ ಎನ್ನುವ ವಿವರಣೆ ಹೋಗಲಿ, 5 ನಿಮಿಷ ನಾದಿದ ಮೇಲೆಯೇ ಬೆಣ್ಣೆ, ಅದೂ ಎರಡು ಸಲಕ್ಕೆ ಎನ್ನುವುದು ಉಳಿಯಲಿ. 35 ಡಿಗ್ರಿಯ ನೀರು ಎನ್ನುವುದು ಉಳಿಯಲೇಬೇಕು. "ಬಿಸಿ ನೀರು" ಎಂದು ಚಿಕ್ಕದು ಮಾಡಿದರೆ ಯಾರೋ ಕೆಟಲಿನಿಂದ ಸುರಿಯುತ್ತಾರೆ, 60 ಡಿಗ್ರಿಯ ಹೊತ್ತಿಗೆ ಈಸ್ಟ್ ಸತ್ತೇಹೋಗಿರುತ್ತದೆ. ಬೆಳಿಗ್ಗೆ ಹೊರಗಿಟ್ಟ ಬೆಣ್ಣೆಯ ಮಾತು ಕಥೆಯಂತೆ ಕಂಡರೂ ಕಥೆಯಲ್ಲ, ಮೆತ್ತಗಿನ ಬೆಣ್ಣೆ ಬೇಕು ಎನ್ನುವ ಸೂಚನೆ. ಅದಕ್ಕೆ ಜಾಗ ಕಾರ್ಡಿನ ತುದಿಯಲ್ಲಿ, ಎಲ್ಲಕ್ಕಿಂತ ಮೊದಲು.

ಇಷ್ಟೆಲ್ಲ ಮಾಡಿದ ಮೇಲೆ ಕಾರ್ಡು ಹೀಗಾಗುತ್ತದೆ:

ಮೊದಲೇ: ಬೆಣ್ಣೆ ಹೊರಗಿಟ್ಟು ಮೆತ್ತಗಾಗಲಿ. ಟಿನ್ 23 × 13 ಸೆಂ.ಮೀ.
ಮೈದಾ 500, ನೀರು 300 + 20, ಈಸ್ಟ್ 6, ಉಪ್ಪು 10, ಸಕ್ಕರೆ 15, ಬೆಣ್ಣೆ 25 + 5 (ಎಲ್ಲ ಗ್ರಾಂ).

1. ಮೈದಾ 500, ನೀರು 300 ಕಲಸಿ. 30 ನಿಮಿಷ ಮುಚ್ಚಿಡಿ.
2. ನೀರು 20 (35 ಡಿಗ್ರಿ), ಈಸ್ಟ್ 6 ಕರಗಿಸಿ ಬೆರೆಸಿ. ಆಮೇಲೆ ಉಪ್ಪು 10, ಸಕ್ಕರೆ 15. 5 ನಿಮಿಷ ನಾದಿ.
3. ಬೆಣ್ಣೆ 25 ಎರಡು ಸಲಕ್ಕೆ ಸೇರಿಸುತ್ತಾ 8 ನಿಮಿಷ ನಾದಿ.
4. ಮುಚ್ಚಿಡಿ, ಎರಡರಷ್ಟಾಗಲಿ (26 ಡಿಗ್ರಿಯಲ್ಲಿ 60–75 ನಿಮಿಷ).
5. ಟಿನ್ನಿಗೆ ಬೆಣ್ಣೆ 5 ಸವರಿ. ಗಾಳಿ ಇಳಿಸಿ, ಸುರುಳಿ ಸುತ್ತಿ ಇಡಿ. ಅಂಚಿಗಿಂತ 2 ಸೆಂ.ಮೀ. ಮೇಲೆ ಬರಲಿ (40–50 ನಿಮಿಷ). 20ನೇ ನಿಮಿಷಕ್ಕೆ ಓವನ್ 220ಕ್ಕೆ ಹಚ್ಚಿ.
6. ಟಿನ್ ಒಳಗೆ = 0. 10ಕ್ಕೆ ಶಾಖ 190. 15ಕ್ಕೆ ತಿರುಗಿಸಿ. 32–35ಕ್ಕೆ ತೆಗೆಯಿರಿ, ಒಳಗೆ 93 ಡಿಗ್ರಿ.
7. 5 ನಿಮಿಷ ಟಿನ್ನಿನಲ್ಲಿ, 1 ಗಂಟೆ ಜಾಲರಿಯ ಮೇಲೆ.

ಇದರಲ್ಲಿ ತಲೆಬರಹದ "3 ಗಂಟೆ" ಇಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಕೂಡಿ ನೋಡಿ. 30, ನಾದಲು 13, ಉಬ್ಬಲು 60, ಮತ್ತೆ 40, ಬೇಯಲು 32, ಅಲ್ಲಿಗೆ 175 ನಿಮಿಷ, ಅಂದರೆ 3 ಗಂಟೆಗೆ 5 ಕಡಿಮೆ. ಆದರೆ ಇದು ಎಲ್ಲ ಕಡೆಯೂ ಕಡಿಮೆಯ ಸಂಖ್ಯೆ ಹಿಡಿದು, ಕಲಸುವ, ಸುರುಳಿ ಸುತ್ತುವ ಹೊತ್ತನ್ನು ಬಿಟ್ಟು, ಆರುವ ಹೊತ್ತನ್ನೂ ಬಿಟ್ಟು ಮಾಡಿದ ಲೆಕ್ಕ. ಹೆಚ್ಚಿನ ಸಂಖ್ಯೆಗಳನ್ನು ಹಿಡಿದು, ಟಿನ್ನಿನ 5 ನಿಮಿಷ, ಜಾಲರಿಯ 60 ನಿಮಿಷ ಸೇರಿಸಿದರೆ 268 ನಿಮಿಷ. ಬ್ರೆಡ್ ಕತ್ತರಿಸಿ ತಿನ್ನಬೇಕಾದ ಹೊತ್ತಿಗಿಂತ ನಾಲ್ಕೂಮುಕ್ಕಾಲು ಗಂಟೆ ಮೊದಲು ಕೈಹಾಕಿದರೆ ನೆಮ್ಮದಿ. ಆ ಕೊನೆಯ ಒಂದು ಗಂಟೆಯನ್ನು ಹಾರಿಸುವಂತಿಲ್ಲ, ಬಿಸಿಯಿರುವಾಗಲೇ ಕತ್ತರಿಸಿದರೆ ಒಳಗು ಇನ್ನೂ ಗಟ್ಟಿಯಾಗದೆ ಚಾಕುವಿಗೆ ಅಂಟಿ ಮುದ್ದೆಯಾಗುತ್ತದೆ. ಹೀಗಾಗಿ ತಲೆಬರಹದ ಒಟ್ಟು ಸಮಯವನ್ನು ನಾನು ಯಾವ ರೆಸಿಪಿಯಿಂದಲೂ ನಕಲು ಮಾಡುವುದಿಲ್ಲ. ಹಂತಗಳನ್ನು ಕೂಡಿ ನನ್ನದೇ ಒಟ್ಟು ಬರೆಯುತ್ತೇನೆ, ಎರಡು ಸಂಖ್ಯೆಗಳಲ್ಲಿ. ಈ ಕಾರ್ಡಿನ ಹಿಂದೆ "4 ಗಂಟೆಯಿಂದ 4 ಗಂಟೆ 30 ನಿಮಿಷ, ಕೈಕೆಲಸ ಬೇರೆ" ಎಂದಿದೆ.

ಕೊನೆಯ ಪರೀಕ್ಷೆ, ಮೂಲವನ್ನು ಓದದವರ ಕೈಗೆ ಕಾರ್ಡು ಕೊಡುವುದು. ನಮ್ಮ ಅತ್ತಿಗೆ ಇದಕ್ಕೆ ಹೇಳಿ ಮಾಡಿಸಿದ ಮನುಷ್ಯಳು, ತಿಳಿಯದ್ದನ್ನು ಊಹೆ ಮಾಡಿ ಮುಂದೆ ಹೋಗುವ ಅಭ್ಯಾಸ ಅವಳಿಗಿಲ್ಲ. ಕಾರ್ಡು ಹಿಡಿದು ಗಟ್ಟಿಯಾಗಿ ಓದುತ್ತಾ, ಎಲ್ಲಿ ನಿಲ್ಲುತ್ತಾಳೋ ಅಲ್ಲಿ ನಾನು ಗುರುತು ಹಾಕಿಕೊಳ್ಳುತ್ತೇನೆ. ಈ ಬ್ರೆಡ್ಡಿನ ಕಾರ್ಡಿನಲ್ಲಿ ಅವಳು ನಿಂತದ್ದು ಐದನೆಯ ಸಾಲಿನಲ್ಲಿ.

"20ನೇ ನಿಮಿಷ ಅಂದ್ರೆ, ಟಿನ್ನಲ್ಲಿ ಇಟ್ಟಾಗಿನಿಂದ್ಲೋ, ನಾದಿ ಮುಗಿದಾಗಿನಿಂದ್ಲೋ?"

"ಟಿನ್ನಲ್ಲಿ ಇಟ್ಟಾಗಿನಿಂದ, ಅತ್ತಿಗೆ."

"ಹಾಗಂತ ಬರಿ ಮತ್ತೆ. ನನಗೆ ಹೇಳೋಕೆ ನೀನು ಅಲ್ಲಿ ನಿಂತಿರ್ತೀಯಾ?"

ಅವಳು ಹೇಳಿದ್ದು ಸರಿ. ಆರನೆಯ ಸಾಲಿನಲ್ಲಿ "ಟಿನ್ ಒಳಗೆ = 0" ಎಂದಿರುವಂತೆ ಐದರಲ್ಲೂ ಎಣಿಕೆ ಶುರುವಾಗುವ ಜಾಗ ಇರಬೇಕು. ಈಗ ಅಲ್ಲಿ "ಟಿನ್ನಿನಲ್ಲಿಟ್ಟ 20ನೇ ನಿಮಿಷಕ್ಕೆ ಓವನ್ 220" ಎಂದಿದೆ. ಒಂದೇ ಪದ ಜಾಸ್ತಿಯಾಯಿತು.

ಎಲ್ಲ ರೆಸಿಪಿಯೂ ಹೀಗೆ ಕಾರ್ಡಿಗೆ ಒಗ್ಗುವುದಿಲ್ಲ. ನಾದಿದ ಹಿಟ್ಟಿನ ಹದವನ್ನೇ ನೋಡಿ. ಒಂದು ಚೂರನ್ನು ಎಳೆದರೆ ಹರಿಯದೆ, ಆಚೆಯ ಬೆಳಕು ಕಾಣುವಷ್ಟು ತೆಳ್ಳಗಾಗಬೇಕು ಎಂದು ಮೂಲದಲ್ಲಿ ಚಿತ್ರದ ಸಮೇತ ಇತ್ತು. ನಾನು ಬರೀ 8 ನಿಮಿಷ ಎಂದು ಬಿಟ್ಟದ್ದು ಆ ಹದ ನನ್ನ ಕೈಗೆ ಗೊತ್ತಿರುವುದರಿಂದ. ಮೊದಲ ಸಲ ಮಾಡುವವರಿಗೆ ಈ ಕಾರ್ಡು ಕೊಡುವುದಾದರೆ ಮೂರನೆಯ ಸಾಲನ್ನು ಹೀಗೆ ಬರೆಯುತ್ತೇನೆ: "ಬೆಣ್ಣೆ 25 ಎರಡು ಸಲಕ್ಕೆ ಸೇರಿಸುತ್ತಾ, ಎಳೆದರೆ ಹರಿಯದಷ್ಟು ನಾದಿ (8 ನಿಮಿಷ, ಕೈ ಹಗುರವಾದರೆ 10–12)." ಆ 10–12 ಮೂಲದ್ದಲ್ಲ, ನನ್ನದು. ಅದಕ್ಕೇ ಅದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯುತ್ತೇನೆ, ಮೂಲ ರೆಸಿಪಿ ಎಲ್ಲಿಂದ ಬಂತು, ಯಾವ ಪುಟ ಎನ್ನುವುದನ್ನು ಕಾರ್ಡಿನ ಹಿಂಬದಿಯಲ್ಲಿ ಹಾಕಿಡುತ್ತೇನೆ. ಯಾವುದಾದರೂ ಸಂಖ್ಯೆಯ ಮೇಲೆ ಅನುಮಾನ ಬಂದ ದಿನ ಹೋಗಿ ನೋಡಲು ಅದು ಬೇಕಾಗುತ್ತದೆ.